ನಾಲ್ಕನೆಯ ಕೈ

ಇಸ್ಪೀಟಿನ ಇಪ್ಪತ್ತೆಂಟು ಆಡಲು ನಾಲ್ಕು ಜನ ಬೇಕು. ನಾವಿದ್ದದ್ದು ಮೂವರು. ನಾನು ತೀರ್ಥಹಳ್ಳಿ ಕಡೆಯವಳು, ಒಬ್ಬ ಸಾಗರದವನು, ಇನ್ನೊಬ್ಬಳು ಹೊಸನಗರದವಳು. ಮೂವರೂ ನೆದರ್ಲ್ಯಾಂಡ್ಸಿನ ವಾಗನಿಂಗನ್‌ನಲ್ಲಿ ಕೃಷಿಗೆ ಸಂಬಂಧಪಟ್ಟದ್ದೇ ಏನೇನೋ ಓದುತ್ತಿದ್ದೆವು. ಒಂದೇ ಹಾಸ್ಟೆಲ್ಲು, ಒಂದೇ ಮಹಡಿ. ಡಿಸೆಂಬರ್ ಹತ್ತಿರವಾದಂತೆ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ದಿನವಿಡೀ ಜಿನುಗುವ ಹನಿಯೊಂದು ಇರುತ್ತಿತ್ತು, ಅದನ್ನು ಮಳೆ ಅನ್ನಲು ನಮಗೆ ಬಾಯಿ ಬರುತ್ತಿರಲಿಲ್ಲ. ಆದರೂ ಕಿಟಕಿಯ ಮೇಲೆ ನೀರಿಳಿಯುವುದನ್ನು ನೋಡಿದ ಕೂಡಲೇ ಮೂವರಿಗೂ ಜಗಲಿಯ ನೆನಪು. ಕರೆಂಟು ಹೋದ ಆಷಾಢದ ಸಂಜೆ, ಚಾಪೆ, ಲಾಟೀನು, ಎಲೆ ಕಲಸುವ ಸದ್ದು.

ನನ್ನ ಮಟ್ಟಿಗೆ ಆ ಚಾಪೆ ಎಂದೂ ಪೂರ್ತಿ ನನ್ನದಾಗಿರಲಿಲ್ಲ. ಮದುವೆಮನೆಯಲ್ಲಿ ರಾತ್ರಿಯಿಡೀ ಇಸ್ಪೀಟು ಆಡುವವರು ಗಂಡಸರು. ನಾನು ಕಲಿತದ್ದು ದೊಡ್ಡಪ್ಪನ ಬೆನ್ನ ಹಿಂದೆ ಕುಳಿತು, ಅವರ ಹೆಗಲ ಮೇಲಿಂದ ಎಲೆ ನೋಡುತ್ತ. ಯಾರಾದರೂ ಊಟಕ್ಕೆದ್ದರೆ ಮಾತ್ರ, "ಬಾರೆ, ಒಂದಾಟ ಕೈ ಹಿಡಿ" ಎನ್ನುತ್ತಿದ್ದರು. ಎದ್ದವರು ಬಾಯಿ ಒರೆಸಿಕೊಂಡು ಬಂದರೆ ನಾನು ಮತ್ತೆ ಬೆನ್ನ ಹಿಂದೆ.

ಕಾಮನ್ ರೂಮಿನಲ್ಲಿ ನಾವು ಮೂವರೇ ರಮ್ಮಿ ಆಡಿ ಬೇಸತ್ತ ಒಂದು ರಾತ್ರಿ, ಅಲ್ಲೇ ಬ್ರೆಡ್ಡು ತಿನ್ನುತ್ತಿದ್ದ ಉದ್ದನೆಯ ಹುಡುಗನೊಬ್ಬ ತಾನೂ ಕೂರಲೇ ಎಂದು ಕೇಳಿದ. ಅದೇ ದೇಶದ ಫ್ರೀಸ್‌ಲ್ಯಾಂಡಿನವನು, ಮನೆಯಲ್ಲಿ ಹಸುಗಳ ಫಾರ್ಮು. ಸಾಗರದವನು ಮೆಲ್ಲಗೆ, "ನಾಲ್ಕನೇ ಕೈ ಸಿಕ್ತಲ್ಲೇ" ಎಂದ. ರಮ್ಮಿ ಅಲ್ಲಿಗೇ ನಿಂತಿತು.

ಮೊದಲ ತೊಡಕು ಎಲೆಗಳದ್ದೇ. ಅಲ್ಲಿನ ಅಂಗಡಿಯಲ್ಲಿ ಕೊಂಡ ಕಟ್ಟಿನಲ್ಲಿ ಗುಲಾಮನ ಮೂಲೆಗೆ ಜೆ ಇಲ್ಲ, ಬಿ ಇದೆ. ರಾಣಿಗೆ ವಿ, ರಾಜನಿಗೆ ಹೆಚ್. ಡಚ್ಚರ ಗುಲಾಮ 'ಬೂರ್', ಅಂದರೆ ರೈತ. ಎರಡರಿಂದ ಆರರವರೆಗಿನ ಎಲೆ ತೆಗೆದಿಟ್ಟು 32 ಎಲೆ ಉಳಿಸಿಕೊಂಡೆವು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1, ಉಳಿದವಕ್ಕೆ ಸೊನ್ನೆ. ಒಂದು ಜಾತಿಗೆ 7, ನಾಲ್ಕು ಜಾತಿ ಸೇರಿ 28. ಎಲೆಗಳ ಬಲವೂ ಇದೇ ಸಾಲಿನಲ್ಲಿ: ಗುಲಾಮ, ಒಂಬತ್ತು, ಎಕ್ಕ, ಹತ್ತು, ಆಮೇಲೆ ರಾಜ, ರಾಣಿ, ಎಂಟು, ಏಳು. ಅವನು ಇದನ್ನೆಲ್ಲ ಸಲೀಸಾಗಿ ತಲೆಯಾಡಿಸುತ್ತ ಕೇಳಿದ. ಅಷ್ಟು ಸಲೀಸು ಯಾಕೆಂದು ನಮಗೆ ಆಗಲೇ ಅನುಮಾನ ಬರಬೇಕಿತ್ತು.

ಅವನಿಗೆ ಅರ್ಥವಾಗದೆ ಉಳಿದದ್ದು ಕವುಚಿಟ್ಟ ತುರುಪು. ನಿಜಕ್ಕೂ ಈ ಆಟದ ಜೀವ ಇರುವುದು ಅಲ್ಲೇ. ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಆ ನಾಲ್ಕನ್ನು ನೋಡಿಯೇ 14ರಿಂದ ಮೇಲಕ್ಕೆ ಕೇಳಬೇಕು: ನಾನೂ ನನ್ನ ಜೊತೆಗಾರನೂ ಸೇರಿ ಇಷ್ಟು ಮಾಡುತ್ತೇವೆ, ಎಂದು. ಹೆಚ್ಚು ಕೇಳಿದವನು ತನ್ನ ತುರುಪಿನ ಜಾತಿಯ ಒಂದು ಎಲೆಯನ್ನು ಕವುಚಿಡುತ್ತಾನೆ. ಅದು ಯಾವ ಜಾತಿಯೆಂದು ಎದುರಿಗೆ ಕೂತ ಸ್ವಂತ ಜೊತೆಗಾರನಿಗೂ ಗೊತ್ತಿಲ್ಲ. ಆಮೇಲೆ ಇನ್ನು ನಾಲ್ಕು ಎಲೆ. ಆಟದ ನಡುವೆ ಯಾರ ಕೈಯಲ್ಲಾದರೂ ಇಳಿದ ಜಾತಿ ಇಲ್ಲದಿದ್ದರೆ ಅವರು ತುರುಪು ತೋರಿಸೆಂದು ಕೇಳಬಹುದು, ಬೇಡವಾದರೆ ಸುಮ್ಮನೆ ಬೇರೆ ಎಲೆ ಬಿಟ್ಟು ಕೂರಬಹುದು. ಕೇಳುವವರೆಗೆ ತುರುಪು ಅನ್ನುವುದು ಇಲ್ಲವೇ ಇಲ್ಲ. ಆ ಜಾತಿಯ ಎಲೆಯೂ ಬರೀ ಎಲೆ. ಬೇಕೆಂದೇ ಕೇಳದೆ ಇರುವವರೂ ಇದ್ದಾರೆ. ನಮ್ಮ ದೊಡ್ಡಪ್ಪ ಅದರಲ್ಲಿ ಪಳಗಿದವರು, ಎದುರಾಳಿಯ ತುರುಪನ್ನು ಕೊನೆಯ ಸುತ್ತುಗಳವರೆಗೂ ಮಲಗಿಸಿಯೇ ಇಡುತ್ತಿದ್ದರು.

ಇಷ್ಟು ಹೇಳಿ ಹಂಚಿದೆವು. ಫ್ರೀಸ್‌ಲ್ಯಾಂಡಿನವನೂ ಹೊಸನಗರದವಳೂ ಒಂದು ಕಡೆ, ಸಾಗರದವನೂ ನಾನೂ ಇನ್ನೊಂದು ಕಡೆ. ಹುಡುಗನಿಗೆ ಮೊದಲ ನಾಲ್ಕರಲ್ಲೇ ಇಸ್ಪೀಟಿನ ಗುಲಾಮ, ಒಂಬತ್ತು, ಎಂಟು, ಜೊತೆಗೆ ಆಟಿನ್ ಎಕ್ಕ. ಆಟ ಮುಗಿದ ಮೇಲೆ ಎಲೆ ಹರಡಿ ಲೆಕ್ಕ ಹಾಕಿದ್ದರಿಂದ ಇದು ನೆನಪಿದೆ. 18 ಕೇಳಿದ. ನಾವು ಪಾಸ್. ಅವನು ಒಂದು ಎಲೆ ಕವುಚಿಟ್ಟ, ಅದೂ ಗುಲಾಮನನ್ನೇ. ತಿಳಿದವರು ಎಂಟನ್ನು ಇಡುತ್ತಿದ್ದರು, ಯಾಕೆಂದರೆ ತುರುಪು ತೆರೆಯುವವರೆಗೆ ಕವುಚಿಟ್ಟ ಎಲೆ ಆಟಕ್ಕಿಲ್ಲ.

ಮೊದಲ ಎಲೆ ಇಳಿಸುವ ಸರದಿ ಅವನದು. ಆಟಿನ್ ಎಕ್ಕ ಇಳಿಸಿ, ಸುತ್ತು ತನ್ನದೇ ಎಂಬಂತೆ ಕೈ ಚಾಚಿಯೇಬಿಟ್ಟ. ಸಾಗರದವನು ಆಟಿನ್ ಗುಲಾಮ ಹಾಕಿದ. ಹೊಸನಗರದವಳು ಏಳು. ನಾನು ನನ್ನ ಒಂಬತ್ತನ್ನು ಅದರ ಮೇಲಿಟ್ಟೆ. ಒಂದು, ಮೂರು, ಎರಡು, ಒಟ್ಟು 6 ನಮಗೆ. ಹುಡುಗನ ಕೈ ಮೇಜಿನ ನಡುವೆಯೇ ನಿಂತಿತ್ತು. ಸಾಗರದವನು ತಡಮಾಡದೆ ಕಳಾವರ್ ಗುಲಾಮ ಇಳಿಸಿದ. ಹೊಸನಗರದವಳದು ಮತ್ತೆ ಏಳು, ನನ್ನದು ಮತ್ತೆ ಒಂಬತ್ತು, ಅವನ ಕೈಯಲ್ಲಿದ್ದ ಒಂದೇ ಕಳಾವರ್ ಹತ್ತು. ಇನ್ನೂ 6. ಎರಡೇ ಸುತ್ತಿಗೆ ನಮಗೆ 12 ಆಯಿತು. 28ರಲ್ಲಿ ಉಳಿದದ್ದು 16, ಅವನು ಕೇಳಿದ್ದು 18. ಆಟ ಮುಗಿದಿತ್ತು, ಇಸ್ಪೀಟ್ ಗುಲಾಮ ಇನ್ನೂ ಮೇಜಿನ ಮೇಲೆ ಮಗ್ಗಲು ಬದಲಿಸದೆ ಮಲಗಿದ್ದ.

"ಎಕ್ಕ ಹೇಗೆ ಸೋತಿತು?" ಎಂದು ಅವನು ಕೇಳಿದ. ಗುಲಾಮ ದೊಡ್ಡದು ಅಂತ ಹೇಳಿದ್ದೆವಲ್ಲ ಎಂದೆ. "ಅದು ತುರುಪಿನಲ್ಲಿ ಮಾತ್ರ ತಾನೆ?"

ನಾವು ಮುಖ ಮುಖ ನೋಡಿಕೊಂಡೆವು. ಅವನು ಬ್ರೆಡ್ಡಿನ ಕಾಗದದ ಚೀಲವನ್ನೇ ಹರಿದು ಬರೆಯತೊಡಗಿದ. ಅವನ ಅಜ್ಜಿಮನೆಯಲ್ಲಿ ಆಡುವ ಆಟದ ಹೆಸರು ಕ್ಲಾವರ್‌ಯಾಸ್. ನಾಲ್ಕು ಜನ, ಎದುರುಬದುರು ಜೊತೆ, ಏಳರಿಂದ ಎಕ್ಕದವರೆಗೆ ಅದೇ 32 ಎಲೆ. ತುರುಪಿನ ರೈತನಿಗೆ 20, ತುರುಪಿನ ಒಂಬತ್ತಕ್ಕೆ 14, ಎಕ್ಕಕ್ಕೆ 11, ಹತ್ತಕ್ಕೆ 10. ಬೇರೆ ಜಾತಿಗಳಲ್ಲಿ ಮಾತ್ರ ಎಕ್ಕವೇ ದೊಡ್ಡದು, ರೈತ ಬರೀ 2ಕ್ಕೆ ಇಳಿಯುತ್ತಾನೆ. ಗುಲಾಮ, ಒಂಬತ್ತು, ಎಕ್ಕ, ಹತ್ತು. ಅದೇ ಸಾಲು! ತುರುಪಿನ ರಾಜ ರಾಣಿ ಒಂದೇ ಸುತ್ತಿನಲ್ಲಿ ಬಿದ್ದರೆ ಅವರಿಗೆ 20 ಹೆಚ್ಚಿಗೆ ಸಿಗುತ್ತದಂತೆ. ನಮ್ಮಲ್ಲಿ ಆ ಜೋಡಿ ಕೇಳಿದವನ ಕಡೆಯಿದ್ದರೆ ಅವನು ಮಾಡಬೇಕಾದದ್ದರಲ್ಲಿ 4 ಇಳಿಯುತ್ತದೆ, ಎದುರು ಕಡೆಯಿದ್ದರೆ 4 ಏರುತ್ತದೆ. ಒಂಬತ್ತು ಎಂಬ ಚಿಲ್ಲರೆ ಎಲೆ ರಾಜನನ್ನು ಹೊಡೆಯುವುದು ನಮ್ಮ ಜಗಲಿಯ ಹುಚ್ಚು ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ.

ಇಸ್ಪೀಟಿನ ಚರಿತ್ರೆ ಬರೆಯುವವರು ಇಪ್ಪತ್ತೆಂಟನ್ನು ಯುರೋಪಿನ ಜಾಸ್ ಎಂಬ ಆಟದ ಬಳಗಕ್ಕೇ ಸೇರಿಸುತ್ತಾರೆ, ಕ್ಲಾವರ್‌ಯಾಸ್ ಕೂಡ ಅದೇ ಬಳಗದ್ದು. ಡಚ್ಚರು ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡದ್ದು 1663ರಲ್ಲಿ. ಬಸರೂರಿನಲ್ಲೂ ಅವರ ವ್ಯಾಪಾರವಿತ್ತು, ನಮ್ಮ ಬಿದನೂರು ಸೀಮೆಯ ಮೆಣಸು ಅಕ್ಕಿ ಘಟ್ಟ ಇಳಿದು ಹೋಗುತ್ತಿದ್ದದ್ದು ಅಂಥವರ ಹಡಗಿಗೇ. ಬಿದನೂರು ಎಂದರೆ ಇಂದಿನ ನಗರ, ಹೊಸನಗರ ತಾಲ್ಲೂಕು. ಇದನ್ನು ಕೇಳಿದ್ದೇ ಹೊಸನಗರದವಳಿಗೆ ಜೀವ ಬಂತು: "ನಮ್ಮ ಮೆಣಸು ತಗೊಂಡು ಹೋಗಿ ನಿಮ್ಮ ಗುಲಾಮನ್ನ ಬಿಟ್ಟು ಹೋದ್ರಿ ಅಂತಾಯ್ತು." ಅವನು ಗಂಭೀರವಾಗಿ, ವ್ಯಾಪಾರ ಸರಿಯಾಗಿಯೇ ಇದೆ ಎಂದ.

ಅಲ್ಲಿಂದ ಮುಂದೆ ಕಲಿಸುವುದು ಸುಲಭವಾಗಲಿಲ್ಲ, ಕಷ್ಟವಾಯಿತು. ಏನೂ ಗೊತ್ತಿಲ್ಲದವರು ಹೇಳಿದ್ದನ್ನು ಕೇಳುತ್ತಾರೆ. ಅರ್ಧ ಗೊತ್ತಿದ್ದವನ ಕೈ ಹಳೆಯ ದಾರಿಗೇ ಎಳೆಯುತ್ತದೆ. ಅವನಿಗೆ ಎಕ್ಕ ಕಂಡರೆ ಇಳಿಸುವ ಚಪಲ ಹೋಗಲು ವಾರ ಹಿಡಿಯಿತು. ಅವರಲ್ಲಿ ಇಳಿದ ಜಾತಿ ಇಲ್ಲದಿದ್ದರೆ ತುರುಪು ಹಾಕಲೇಬೇಕಾದ ಕಟ್ಟು ಇದೆ, ಹಾಗಾಗಿ ನಮ್ಮವರು ಕೇಳದೆ ಸುಮ್ಮನೆ ಬೇರೆ ಎಲೆ ಬಿಟ್ಟರೆ ಅವನಿಗೆ ಮೋಸದಂತೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಆಟ ಬಲಕ್ಕೆ ಸುತ್ತುತ್ತದೆ, ಅವರದು ಎಡಕ್ಕೆ. ದಿನಕ್ಕೆ ನಾಲ್ಕು ಸಲವಾದರೂ ಇಬ್ಬರು ಒಟ್ಟಿಗೆ ಎಲೆ ಇಳಿಸುತ್ತಿದ್ದರು. ಕಡೆಗೆ ದಿಕ್ಕನ್ನು ಅವನಿಗೆ ಬಿಟ್ಟುಕೊಟ್ಟೆವು. ಅಂಕಕ್ಕೆ ಮನೆಯಲ್ಲಾದರೆ ಅಡಿಕೆ ಇಡುತ್ತಿದ್ದೆವು. ಅಲ್ಲಿ ಆ ತಿಂಗಳು ಎಲ್ಲ ಅಂಗಡಿಗಳಲ್ಲೂ ಪೇಪರ್‌ನೋಟನ್ ಎಂಬ ಪುಟ್ಟ ಮಸಾಲೆ ಬಿಸ್ಕತ್ತು, ದುಂಡಗೆ, ಕಂದಾಗಿ, ಥೇಟು ಬಣ್ಣ ಹಾಕಿ ಒಣಗಿಸಿದ ರಾಶಿ ಅಡಿಕೆ. ಅದನ್ನೇ ಇಟ್ಟೆವು. ಒಂದೇ ತೊಂದರೆ, ಇಂಡೋನೇಷ್ಯಾದ ಹುಡುಗಿಯೊಬ್ಬಳು ನೋಡಲು ಬಂದು ಕೂತವಳು ಮಾತಾಡುತ್ತಲೇ ನಮ್ಮ ಮುನ್ನಡೆಯನ್ನು ತಿಂದು ಮುಗಿಸುತ್ತಿದ್ದಳು.

ಒಂದು ರಾತ್ರಿ ಜಗಳವೇ ಆಯಿತು. ತುರುಪು ತೋರಿಸೆಂದು ಕೇಳಿದವರು ಆ ಸುತ್ತಿಗೆ ತುರುಪನ್ನೇ ಹಾಕಬೇಕೇ, ಬೇಡವೇ? ಹಾಕಲೇಬೇಕು ಎಂದು ನಾನು, ನಮ್ಮನೆಯಲ್ಲಿ ಹಾಗಿಲ್ಲ ಎಂದು ಸಾಗರದವನು. ಫ್ರೀಸ್‌ಲ್ಯಾಂಡಿನವನು ಕೈಕಟ್ಟಿ ಕೂತು, "ಮೊದಲು ನೀವು ಮೂವರು ಒಂದು ತೀರ್ಮಾನಕ್ಕೆ ಬನ್ನಿ" ಎಂದ. ನಮಗೆ ಒಂಬತ್ತೂವರೆ ಎಂದರೆ ಊರಿನಲ್ಲಿ ರಾತ್ರಿ ಎರಡು. ಭಾನುವಾರ ಬೆಳಿಗ್ಗೆಯವರೆಗೆ ಕಾದು ದೊಡ್ಡಪ್ಪನಿಗೆ ವಿಡಿಯೋ ಕರೆ ಮಾಡಿದೆ. ಸುಗ್ಗಿಯ ಸಮಯ, ಮೆಟ್ಟುಗತ್ತಿ ಮುಂದಿಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ.

"ಹಾಕೂದಿಲ್ಲ ಅಂದ್ರೆ ಕೇಳಿದ್ದೆಂತಕ್ಕೆ ಮಾರಾಯ್ತಿ? ಬಾಗಿಲು ತಟ್ಟಿ ಓಡಿಹೋಗೂಕಾ?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಸಾಗರದವನು ಒಪ್ಪಲಿಲ್ಲ, ಆದರೆ ಆಮೇಲೆ ಹಾಗೆಯೇ ಆಡಿದ. ದೊಡ್ಡಪ್ಪ ಫೋನಿನತ್ತ ಒಮ್ಮೆ ಕಣ್ಣು ಹಾಯಿಸಿ, "ನಿಂಗೆ ನಾಲ್ಕು ಜನ ಸಿಕ್ಕಿದ್ರಾ ಅಲ್ಲಿ?" ಎಂದು ಕೇಳಿದರು. ಹೌದೆಂದೆ. ಅಷ್ಟು ಹೊತ್ತಿಗೆ ನೆಟ್‌ವರ್ಕ್ ಹೋಯಿತು, ನನಗೆ ಅಳು ಬಂದದ್ದು ಅವರಿಗೆ ಕಾಣಲಿಲ್ಲ.

ಊರಿಗೆ ಬರುವಾಗ ಆ ಎಲೆಕಟ್ಟನ್ನು ಹುಡುಗ ನನಗೇ ಕೊಟ್ಟ. ಆ ಆಷಾಢದಲ್ಲಿ ಎರಡು ದಿನ ಕರೆಂಟಿಲ್ಲ. ಜಗಲಿಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಪಕ್ಕದ ತೋಟದವರು. ನಾಲ್ಕನೆಯವರು ಹೊಳೆಯ ಆಚೆ ಸಿಕ್ಕಿಹಾಕಿಕೊಂಡಿದ್ದರು. ನಾನು ಕಟ್ಟು ತಂದು ಚಾಪೆಯ ಮೇಲೆ ಕೂತೆ. ದೊಡ್ಡಪ್ಪ ಒಂದು ಎಲೆಯನ್ನು ಲಾಟೀನಿಗೆ ಹಿಡಿದು ನೋಡಿದರು.

"ಇದೆಂತ ಬಿ?"

"ಬೂರ್ ಅಂತ ದೊಡ್ಡಪ್ಪ. ಅವ್ರಲ್ಲಿ ಗುಲಾಮ ಅಲ್ಲ, ರೈತ."

"ನಾವೂ ಅವನೂ ಬೇರೆಯಾ?" ಎಂದು ಎಲೆಯನ್ನು ಕಟ್ಟಿಗೆ ಸೇರಿಸಿದರು. "ಹಂಚು."

ಕಲಸಿ ಮೊದಲ ಎಲೆ ಹಾಕಿದೆ. ದೊಡ್ಡಪ್ಪ ನನ್ನ ಮಣಿಕಟ್ಟು ಹಿಡಿದರು. ನಾನು ಎಡಕ್ಕೆ ಹಂಚತೊಡಗಿದ್ದೆ.