ಟ್ರೈನಿ ಹುಡುಗರ ಶಿಫ್ಟ್ ಹಾಕುವಾಗ ಒಟ್ಟು ಗಂಟೆ ನೋಡಿದರೆ ಸಾಲದು

ಮಲ್ಲೇಶ್ವರದ ಒಂದು ಸೀರೆ ಅಂಗಡಿಯಲ್ಲಿ ಸಿಬ್ಬಂದಿಯ ಡ್ಯೂಟಿ ಚಾರ್ಟ್ ಹಾಕುವುದು ನನ್ನ ಕೆಲಸ. ನಮ್ಮಲ್ಲಿ ಪಿಯುಸಿ ಓದುತ್ತಾ ಕೆಲಸ ಕಲಿಯುವ, 18 ತುಂಬದ ಟ್ರೈನಿಗಳೂ ಇದ್ದಾರೆ. ದೊಡ್ಡವರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಬಾರದು ಎಂದು ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು. ಈ ಮಕ್ಕಳ ವಿಷಯ ಹಾಗಲ್ಲ. ಇವರಿಗೆ 1986ರ ಬಾಲ ಕಾರ್ಮಿಕ ಕಾಯ್ದೆ ಅನ್ವಯಿಸುತ್ತದೆ. 2016ರ ತಿದ್ದುಪಡಿಯ ನಂತರ ಅದು 14ರಿಂದ 18ರ ನಡುವಿನವರ ಕೆಲಸದ ವೇಳೆಯನ್ನೂ ಕಟ್ಟಿಹಾಕುತ್ತದೆ. (ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಣಿ ಆದವರ ನಿಯಮ ಬೇರೆ, ಅವರನ್ನು ಇಲ್ಲಿ ಸೇರಿಸಬೇಡಿ.)

ಈ ಕಾಯ್ದೆಯ 7ನೇ ಸೆಕ್ಷನ್ ಹೇಳುವುದು ಇಷ್ಟು. ಒಂದೇ ಸಮನೆ 3 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಆಮೇಲೆ ಕನಿಷ್ಠ 1 ಗಂಟೆ ಬಿಡುವು ಕೊಡಬೇಕು. ಬಿಡುವು, ಕೆಲಸಕ್ಕಾಗಿ ಕಾಯುವುದು ಎಲ್ಲಾ ಸೇರಿ ಬಂದಾಗಿನಿಂದ ಹೋಗುವವರೆಗೆ 6 ಗಂಟೆ ದಾಟಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವೇ ಇಲ್ಲ. ಓಟಿ ಇಲ್ಲ. ಲೆಕ್ಕ ಹಾಕಿದರೆ 6ರಲ್ಲಿ 1 ಬಿಡುವಿಗೆ ಹೋಗಿ, ದಿನಕ್ಕೆ ಹೆಚ್ಚೆಂದರೆ 5 ಗಂಟೆ ಕೆಲಸ. ವಾರಕ್ಕೊಂದು ಪೂರ್ತಿ ರಜೆ ಕಡ್ಡಾಯ, ಹಾಗಾಗಿ ವಾರಕ್ಕೆ 30. ಬೇರೆ ಯಾವ ನಿಯಮದಲ್ಲಾದರೂ ಇದಕ್ಕಿಂತ ಕಡಿಮೆ ಇದ್ದರೆ ಅದನ್ನೇ ಹಿಡಿಯಬೇಕು.

ಎಡವಟ್ಟಾಗುವುದು ಇಲ್ಲೇ. ವರಮಹಾಲಕ್ಷ್ಮಿ ಹಬ್ಬದ ಸಮಯದಲ್ಲಿ ನಮ್ಮ ಫ್ಲೋರ್ ಮ್ಯಾನೇಜರ್ ಬಂದು, "ಮೇಡಂ, ಹುಡುಗನಿಗೆ ಮೂರೂವರೆಯಿಂದ ಎಂಟೂವರೆ ಹಾಕಿ. ಐದೇ ಗಂಟೆ ಅಲ್ವಾ?" ಅಂದರು. ಚಾರ್ಟಿನ ಕೊನೆಯ ಕಾಲಂನಲ್ಲಿ 5 ಅಂತಲೇ ಬರುತ್ತದೆ, ಯಾವ ಕೆಂಪು ಬಣ್ಣವೂ ತೋರಿಸುವುದಿಲ್ಲ. ಆದರೆ ಅದರಲ್ಲಿ 3 ಗಂಟೆಯ ಮಿತಿ ಮುರಿದಿದೆ, ಬಿಡುವು ಇಲ್ಲ, 7ರ ಗೆರೆಯನ್ನೂ ದಾಟಿದೆ. ಒಟ್ಟು ಗಂಟೆ ಸರಿ ಇದ್ದೂ ಶಿಫ್ಟ್ ಪೂರ್ತಿ ತಪ್ಪು. ಅದಕ್ಕೇ ನಾನು ಟ್ರೈನಿಗಳ ಹಾಳೆಯಲ್ಲಿ ಬರುವ ವೇಳೆ, ಬಿಡುವು ಶುರು, ಬಿಡುವು ಮುಗಿಯುವುದು, ಹೋಗುವ ವೇಳೆ ಅಂತ ನಾಲ್ಕು ಕಾಲಂ ಇಟ್ಟಿದ್ದೇನೆ. ಅರ್ಧರ್ಧ ಗಂಟೆಯ ಎರಡು ಟೀ ಬ್ರೇಕ್ ಕೊಟ್ಟು ಒಂದು ಗಂಟೆ ಆಯಿತು ಅನ್ನುವುದನ್ನು ಒಪ್ಪುವುದಿಲ್ಲ.

ಆ ಹುಡುಗನಿಗೆ ಕೊನೆಗೆ ಹಾಕಿದ ಶಿಫ್ಟ್ ಹೀಗಿತ್ತು. ಕಾಲೇಜು ಹನ್ನೆರಡೂವರೆಗೆ ಬಿಡುತ್ತದೆ. 1ರಿಂದ 4 ಕೆಲಸ, 4ರಿಂದ 5 ಬಿಡುವು, 5ರಿಂದ 6.30 ಕೆಲಸ. ದಿನಕ್ಕೆ ನಾಲ್ಕೂವರೆ ಗಂಟೆ. ಭಾನುವಾರ ಮಾತ್ರ 12.30ಕ್ಕೆ ಬಂದು, 3.30ರಿಂದ 4.30 ಬಿಡುವು ತಗೊಂಡು, 6.30ಕ್ಕೆ ಹೊರಟರೆ 5 ಗಂಟೆ. ಮಂಗಳವಾರ ರಜೆ. ವಾರಕ್ಕೆ ಇಪ್ಪತ್ತೇಳೂವರೆ ಗಂಟೆ.

7ರವರೆಗೆ ಅವಕಾಶ ಇದ್ದರೂ 6.30ಕ್ಕೆ ನಿಲ್ಲಿಸಿದ್ದಕ್ಕೆ ಕಾರಣ ಇದೆ. ಸೀರೆ ಅಂಗಡಿಯಲ್ಲಿ ಗಿರಾಕಿ ಮುಂದೆ ಮೂವತ್ತು ಸೀರೆ ಬಿಚ್ಚಿ ಹರಡಿರುವಾಗ ಹುಡುಗ ಎದ್ದು ಹೋಗಲಾರ. ಅವರು ಆರಿಸಬೇಕು, ಬಿಲ್ ಆಗಬೇಕು, ಉಳಿದದ್ದನ್ನು ಮಡಚಿಡಬೇಕು. ಚಾರ್ಟಿನಲ್ಲಿ 7 ಅಂತಿದ್ದರೆ ಪಂಚಿಂಗ್ ಮೆಷಿನ್‌ನಲ್ಲಿ 7.20 ಬೀಳುತ್ತದೆ. ಹಾಗಾಗಿ 6.15ರ ಮೇಲೆ ಟ್ರೈನಿಗಳಿಗೆ ಹೊಸ ಗಿರಾಕಿ ಕೊಡಬೇಡಿ ಅಂತ ಫ್ಲೋರಿಗೆ ಹೇಳಿದ್ದೇನೆ. ವಾರದ ಕೊನೆಗೆ ಚಾರ್ಟನ್ನೂ ಪಂಚಿಂಗನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಒಬ್ಬರದೇ ಹೆಸರಲ್ಲಿ ಮತ್ತೆ ಮತ್ತೆ ತಡವಾಗಿದ್ದರೆ ಹುಡುಗನನ್ನು ಬೈಯುವುದರಲ್ಲಿ ಅರ್ಥವಿಲ್ಲ, ಆ ಕೌಂಟರಿನಲ್ಲಿ ಸಂಜೆ ಜನ ಸಾಲುತ್ತಿಲ್ಲ ಅಂತ ಅರ್ಥ.

ನಮ್ಮ ಜೋರು ವ್ಯಾಪಾರ ಸಂಜೆ 6ರಿಂದ 8.30. ಅಲ್ಲಿಗೆ ಟ್ರೈನಿಗಳು ಎಷ್ಟು ಜನ ಇದ್ದರೂ ಲೆಕ್ಕಕ್ಕಿಲ್ಲ. ಆದ್ದರಿಂದ ಅವರ ಶಿಫ್ಟ್ ಮೊದಲು ಹಾಕಿ, ಆಮೇಲೆ ದೊಡ್ಡವರನ್ನು ಸುತ್ತ ಜೋಡಿಸುತ್ತೇನೆ. ದೊಡ್ಡವರದು ಮುಗಿಸಿ ಉಳಿದ ಸಂದಿಗೆ ಮಕ್ಕಳನ್ನು ತುಂಬಲು ಹೋದರೆ ಸಂಜೆಯ ಸಂದಿಯೇ ಉಳಿದಿರುತ್ತದೆ.

ರಜೆಯ ದಿನವನ್ನೂ ಸುಮ್ನೆ ಬದಲಾಯಿಸುವಂತಿಲ್ಲ. ಅದನ್ನು ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು, 3 ತಿಂಗಳಲ್ಲಿ ಒಂದೇ ಸಲ ಬದಲಿಸಬಹುದು. ಹಬ್ಬದ ವಾರಕ್ಕೆ ಅಂತ ಮಂಗಳವಾರವನ್ನು ಗುರುವಾರ ಮಾಡಿದರೆ ಮುಂದಿನ ವಾರ ವಾಪಸ್ ತರಲು ಆಗುವುದಿಲ್ಲ.

ಇನ್ನೊಂದು ಯಾವ ಹಾಳೆಯಲ್ಲೂ ಕಾಣದ್ದು. ಅದೇ ದಿನ ಬೇರೆ ಕಡೆ ಕೆಲಸ ಮಾಡಿ ಬಂದವರನ್ನು ನಾವು ಕೆಲಸಕ್ಕೆ ಹಚ್ಚುವಂತಿಲ್ಲ. ಮದುವೆ ಸೀಸನ್ನಿನಲ್ಲಿ ಒಬ್ಬ ಹುಡುಗ, "ಅಕ್ಕಾ, ಭಾನುವಾರ ಬೆಳಿಗ್ಗೆ ಛತ್ರದಲ್ಲಿ ಬಡಿಸೋಕೆ ಹೋಗ್ತೀನಿ, ಮಧ್ಯಾಹ್ನ ಬಂದುಬಿಡ್ತೀನಿ" ಅಂದ. ಆ ಭಾನುವಾರ ಅವನ ಹೆಸರಿನ ಮುಂದೆ ಸೊನ್ನೆ ಹಾಕಿದೆ. ಈಗ ಚಾರ್ಟ್ ಹಾಕುವ ಮುಂಚೆ ಪ್ರತಿಯೊಬ್ಬರನ್ನೂ ಕೇಳುತ್ತೇನೆ: ಈ ವಾರ ಬೇರೆ ಎಲ್ಲಾದರೂ ಹೋಗ್ತೀಯಾ? ಹೇಳಿದ್ದಕ್ಕೆ ಯಾರನ್ನೂ ಗದರಿಸುವುದಿಲ್ಲ. ಗದರಿಸಿದರೆ ಮುಂದಿನ ಸಲ ಹೇಳುವುದಿಲ್ಲ.