ಹುಬ್ಬಳ್ಳಿಯಿಂದ ಕಾಗಿನೆಲೆಯವರೆಗೆ: ಹಿರಿಯರೊಂದಿಗೆ ಎರಡು ದಿನದ ಯಾತ್ರೆ

ನಮ್ಮ ಭಾಗದ ಗುಡಿಗಳ ಯಾತ್ರೆಯಲ್ಲಿ ದಾರಿಯ ದೂರಕ್ಕಿಂತ ಗರ್ಭಗುಡಿಯ ಬಾಗಿಲೇ ವೇಳಾಪಟ್ಟಿಯನ್ನು ನಿರ್ಧರಿಸುತ್ತದೆ. ನಿತ್ಯಪೂಜೆ ನಡೆಯುವ ಹಲವು ದೇವಾಲಯಗಳು ಮಧ್ಯಾಹ್ನದ ಹೊತ್ತಿಗೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತವೆ. ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ, ಪೂಜೆಯಿಲ್ಲದ ಸ್ಮಾರಕಗಳನ್ನು ಹಗಲಿನಲ್ಲಿ ಯಾವಾಗ ಬೇಕಾದರೂ ನೋಡಬಹುದು. ಆದ್ದರಿಂದ ನಮ್ಮ ಮಾವನವರು ಮುಂಜಾನೆಯನ್ನು ದರ್ಶನಕ್ಕೂ ನಡುಹಗಲನ್ನು ಸ್ಮಾರಕಗಳಿಗೂ ಮೀಸಲಿಟ್ಟು ಪಟ್ಟಿ ಹಾಕಿದರು. ಸೋಮವಾರ ಮತ್ತು ಅಮಾವಾಸ್ಯೆಯ ಜನಸಂದಣಿಯನ್ನು ತಪ್ಪಿಸಿ ದಿನ ಗೊತ್ತುಮಾಡಿದೆವು. ಮನೆಯವರೆಲ್ಲ ಒಂದೇ ಗಾಡಿಯಲ್ಲಿರಬೇಕೆಂದು ಟೆಂಪೊ ಟ್ರಾವೆಲರ್ ಗೊತ್ತುಪಡಿಸಿದ್ದೆವು.

ಮೊದಲ ದಿನ ಬೆಳಗಿನ 6 ಗಂಟೆಗೆ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಗದ್ದುಗೆಯ ದರ್ಶನ ಮುಗಿಸಿ 7ಕ್ಕೆ ಹೊರಟೆವು. ಸುಮಾರು 35 ಕಿಲೋಮೀಟರ್ ದೂರದ ಅಣ್ಣಿಗೇರಿಯನ್ನು 8ಕ್ಕೆ ತಲುಪಿ, ಗುಡಿಗೆ ಹೋಗುವ ಮೊದಲೇ ಮನೆಯಿಂದ ತಂದ ಸುಸಲ ಮತ್ತು ಚಹಾ ಮುಗಿಸಿದೆವು. ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯವು ಕಂಬಗಳ ಸಾಲಿನಿಂದ ಪ್ರಸಿದ್ಧ. ಅಲ್ಲಿ ಒಂದು ಗಂಟೆ ಸಾಕಾಯಿತು.

ಗದಗನ್ನು 9.45ಕ್ಕೆ ಸೇರಿದೆವು. ಇಲ್ಲಿ ಮಾತ್ರ ಅವಸರ ಪಡಬಾರದು. ಮೊದಲು ವೀರನಾರಾಯಣ ದೇವಾಲಯಕ್ಕೆ ಹೋದೆವು. ಕೋನೇರಿ ತೀರ್ಥದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕುಳಿತು, ಬಟ್ಟೆ ಆರುವ ತನಕ ಕುಮಾರವ್ಯಾಸನು ಭಾರತವನ್ನು ರಚಿಸುತ್ತಿದ್ದನೆಂಬ ಕಂಬವನ್ನು ಅರ್ಚಕರು ತೋರಿಸಿದಾಗ, ಅತ್ತೆಯವರು ಅಲ್ಲಿಯೇ ಕುಳಿತು ಒಂದೆರಡು ಷಟ್ಪದಿಗಳನ್ನು ಹಾಡಿದರು. ತ್ರಿಕೂಟೇಶ್ವರದಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಅದೇ ಆವರಣದ ಸರಸ್ವತಿ ಗುಡಿಯ ಮೂರ್ತಿ ಭಗ್ನವಾಗಿದ್ದರೂ ಅದರ ಮಂಟಪದ ಕಂಬಗಳ ಕೆತ್ತನೆ ಎಷ್ಟು ನೋಡಿದರೂ ಸಾಲದು. ಮಂಗಳಾರತಿ ತಪ್ಪದಂತೆ ತ್ರಿಕೂಟೇಶ್ವರನ ದರ್ಶನವನ್ನು ಮೊದಲು ಪಡೆದು, ಸರಸ್ವತಿ ಗುಡಿಯನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

ಮಧ್ಯಾಹ್ನ 12.30ಕ್ಕೆ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರಿನ ಊಟವಾಯಿತು. ಬಿಸಿ ರೊಟ್ಟಿ ಬಡಿಯುವ ಕಡೆ ದೊಡ್ಡ ಕುಟುಂಬಕ್ಕೆ ಬಡಿಸಲು ಹೊತ್ತು ಬೇಕಾಗುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಎಷ್ಟು ಜನ, ಎಷ್ಟು ಗಂಟೆಗೆ ಎಂದು ತಿಳಿಸಿದ್ದರಿಂದ ಕಾಯುವುದು ತಪ್ಪಿತು.

2ಕ್ಕೆ, ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಗೆ ಹೋದೆವು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ, ಕಾಶಿವಿಶ್ವೇಶ್ವರ, ಮುಸುಕಿನ ಬಾವಿ ಈ ಮೂರನ್ನೇ ಆರಿಸಿಕೊಂಡೆವು. ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆಯುವುದು ವಯಸ್ಸಾದವರಿಗೆ ಸುಲಭವಲ್ಲ, ದಪ್ಪ ಕಾಲುಚೀಲವಿರಲಿ. ಬಾವಿಯ ಮೆಟ್ಟಿಲುಗಳನ್ನು ಮಕ್ಕಳು ಇಳಿದರು. ಹಿರಿಯರು ಮೇಲಿನ ನೆರಳಿನಲ್ಲಿ ಕುಳಿತರು. 5.30ಕ್ಕೆ ಗದಗಿಗೆ ಮರಳಿ, ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಗದ್ದುಗೆಗೆ ನಮಸ್ಕರಿಸಿ, ಬಸ್ ನಿಲ್ದಾಣದ ಸಮೀಪದ ವಸತಿಗೃಹದಲ್ಲಿ ತಂಗಿದೆವು. ನೆಲಮಹಡಿಯ ಕೊಠಡಿಗಳನ್ನೇ ಕೇಳಿ ಪಡೆದಿದ್ದೆವು.

ಎರಡನೆಯ ದಿನ 6.30ಕ್ಕೆ ಹೊರಟು 7.45ಕ್ಕೆ ಲಕ್ಷ್ಮೇಶ್ವರ. ಹಳೆಯ ಪುಲಿಗೆರೆ ಇದೇ. ಸೋಮೇಶ್ವರ ದೇವಾಲಯದಲ್ಲಿ ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಮೂರ್ತಿಯ ದರ್ಶನ ಪಡೆದು, ಪೇಟೆಯಲ್ಲಿ ಇಡ್ಲಿ, ಉಪ್ಪಿಟ್ಟು ತಿಂದು, ಶಂಖ ಬಸದಿಯನ್ನು ನೋಡಿ 10ಕ್ಕೆ ಶಿಗ್ಗಾಂವಿಯ ದಾರಿ ಹಿಡಿದೆವು. ಬಂಕಾಪುರದ ಕೋಟೆಯೊಳಗಿನ ನಗರೇಶ್ವರದಲ್ಲಿ ಮುಕ್ಕಾಲು ಗಂಟೆ ಕಳೆದೆವು. ಅದನ್ನು ಬಿಟ್ಟರೂ ಯಾತ್ರೆಗೆ ಕೊರತೆಯಿಲ್ಲ, ಆದರೆ ನಡುಹಗಲಿಗೆ ತಕ್ಕ ತಾಣ.

12.45ಕ್ಕೆ ಹಾವೇರಿಯಲ್ಲಿ ಊಟ ಮಾಡಿ ಮೂರರವರೆಗೆ ವಿಶ್ರಾಂತಿ ಪಡೆದೆವು. ಪುರದ ಸಿದ್ಧೇಶ್ವರ ದೇವಾಲಯವು ಪಶ್ಚಿಮಾಭಿಮುಖವಾಗಿರುವುದರಿಂದ ಇಳಿಬಿಸಿಲು ಮುಂಭಾಗದ ಮೇಲೆ ಬೀಳುತ್ತದೆ; ಅದಕ್ಕಾಗಿಯೇ ಮಧ್ಯಾಹ್ನದ ನಂತರ ಹೋದೆವು. 4.30ಕ್ಕೆ ಕಾಗಿನೆಲೆಯಲ್ಲಿ ಆದಿಕೇಶವನ ದರ್ಶನ ಮತ್ತು ಕನಕದಾಸರ ಗದ್ದುಗೆ. 5.45ಕ್ಕೆ ಹೊರಟು ಹೆದ್ದಾರಿ ಸೇರಿ, ಚಹಾಕ್ಕೆ ಒಮ್ಮೆ ನಿಂತು, 8.15ಕ್ಕೆ ಹುಬ್ಬಳ್ಳಿ ತಲುಪಿದೆವು.

ಸಂಪರ್ಕದ ಹಾಳೆಯೊಂದನ್ನು ಪ್ರತಿಯೊಬ್ಬರ ಜೇಬಿನಲ್ಲಿ ಇಟ್ಟಿದ್ದೆವು. ಅದರಲ್ಲಿ ಚಾಲಕರ ಹೆಸರು, ಗಾಡಿಯ ಸಂಖ್ಯೆ, ವಸತಿಗೃಹ ಮತ್ತು ಖಾನಾವಳಿಯ ದೂರವಾಣಿ, ಹುಬ್ಬಳ್ಳಿಯಲ್ಲಿ ಉಳಿದ ಒಬ್ಬ ಬಂಧುವಿನ ಸಂಖ್ಯೆ, ಆಂಬ್ಯುಲೆನ್ಸಿಗೆ 108, ಇತರ ತುರ್ತಿಗೆ 112 ಇದ್ದವು. ಹಿರಿಯರ ಹಾಳೆಯ ಹಿಂಬದಿಯಲ್ಲಿ ಅವರು ನುಂಗುವ ಮಾತ್ರೆಗಳ ಹೆಸರು ಮತ್ತು ಹೊತ್ತನ್ನು ಬರೆದಿದ್ದೆವು. ಮೊಬೈಲ್ ಇದ್ದವರಿಗೂ ಕಾಗದವನ್ನೇ ಕೊಟ್ಟೆವು, ಏಕೆಂದರೆ ಗುಡಿಯೊಳಗೆ ಹೋಗುವಾಗ ಮೊಬೈಲುಗಳು ಬಹುಪಾಲು ಗಾಡಿಯಲ್ಲೇ ಉಳಿಯುತ್ತಿದ್ದವು.