ತಾರಸಿಯ ತಾಪಮಾನ ದಾಖಲೆ: ಎರಡನೆಯ ತಿಂಗಳು, ಮೈಸೂರು

ಕಳೆದ ತಿಂಗಳು ಕುವೆಂಪುನಗರದ ನಮ್ಮ ಮನೆಯ ತಾರಸಿಯಲ್ಲಿ ಡಿಎಸ್18ಬಿ20 ಎಂಬ ಅಗ್ಗದ ಡಿಜಿಟಲ್ ಸೆನ್ಸರ್ ಕಟ್ಟಿ, ಹತ್ತು ನಿಮಿಷಕ್ಕೊಮ್ಮೆ ತಾಪಮಾನ ಬರೆದಿಡುವ ವ್ಯವಸ್ಥೆ ಮಾಡಿದ್ದೆ. ಪರದೆಯ ಮೇಲೆ ದಶಮಾಂಶದ ನಂತರ ನಾಲ್ಕು ಅಂಕಿಗಳು ಬರುತ್ತಿದ್ದುದರಿಂದ ಅದನ್ನು ಪೂರ್ತಿ ನಂಬಿಬಿಟ್ಟಿದ್ದೆ. ಈ ತಿಂಗಳು ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದೆ.

ಮೊದಲ ಪರೀಕ್ಷೆ ಮಂಜುಗಡ್ಡೆಯದು. ಕರಗುತ್ತಿರುವ ಶುದ್ಧ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣ 0 ಡಿಗ್ರಿಯಲ್ಲಿರುತ್ತದೆಂಬ ಭರವಸೆಯಿಂದ ಸೆನ್ಸರನ್ನು ಪಾತ್ರೆಗೆ ಇಳಿಬಿಟ್ಟಾಗ ಅದು 3 ಡಿಗ್ರಿಯ ಹತ್ತಿರ ತೋರಿಸಿತು. ತಪ್ಪು ಸೆನ್ಸರಿನದಲ್ಲ, ನನ್ನದು. ನೀರು ಅತಿ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಾದ್ದರಿಂದ, ಕಲಕದ ಪಾತ್ರೆಯಲ್ಲಿ ಮಂಜು ಮೇಲೆ ತೇಲಿದರೆ ತುಸು ಬೆಚ್ಚಗಿನ ನೀರು ತಳದಲ್ಲಿ ನಿಲ್ಲುತ್ತದೆ, ನನ್ನ ಸೆನ್ಸರ್ ಕುಳಿತದ್ದು ಅಲ್ಲಿಯೇ. ಅಲ್ಲೇ ಬಿಟ್ಟು ನೂರು ಸಲ ಓದಿದ್ದರೂ ನೂರು ಸಲವೂ ಅದೇ ತಪ್ಪು ಬರುತ್ತಿತ್ತು. ಜಾಗ ಬದಲಿಸಿದೊಡನೆ ಅಂಕಿ ಬದಲಾದದ್ದರಿಂದ ಮಾತ್ರ ಅದು ಬಯಲಿಗೆ ಬಂತು.

ಎರಡನೆಯ ಸಲ ಮಂಜನ್ನು ನುಣ್ಣಗೆ ಕುಟ್ಟಿ, ಅದರ ಸಂದುಗಳು ತುಂಬುವಷ್ಟೇ ನೀರು ಹಾಕಿ, ಆಗಾಗ ಕಲಕುತ್ತ ಮೂವತ್ತು ಓದುವಿಕೆಗಳನ್ನು ತೆಗೆದುಕೊಂಡೆ. ಈ ಸೆನ್ಸರಿನ ಅತಿ ಚಿಕ್ಕ ಹೆಜ್ಜೆ 0.0625 ಡಿಗ್ರಿ. ಇಪ್ಪತ್ತೆರಡು ಸಲ 0.4375, ಎಂಟು ಸಲ 0.5000 ಬಂತು. ಸರಾಸರಿ 0.45, ಓದುವಿಕೆಗಳ ಚದುರುವಿಕೆ, ಅಂದರೆ ಮಾನಕ ವಿಚಲನೆ, ಸುಮಾರು 0.03. ಅದನ್ನು ಮೂವತ್ತರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಅನಿಶ್ಚಿತತೆ 0.005 ಡಿಗ್ರಿಗೆ ಇಳಿಯುತ್ತದೆ. ಆದರೆ ನಿಜವಾದ ಬೆಲೆ ಸೊನ್ನೆ! ಹಿಂದೆಮುಂದೆ ತೂಗುವ ಯಾದೃಚ್ಛಿಕ ದೋಷವನ್ನು ಸರಾಸರಿ ಕುಗ್ಗಿಸಿತೇ ಹೊರತು, ಒಂದೇ ದಿಕ್ಕಿಗೆ ವಾಲಿದ 0.45 ಡಿಗ್ರಿಯ ವ್ಯವಸ್ಥಿತ ದೋಷವನ್ನು ಮುಟ್ಟಲೂ ಇಲ್ಲ. ತಯಾರಕರು ಭರವಸೆ ಕೊಡುವುದೂ ಈ ವ್ಯಾಪ್ತಿಯಲ್ಲಿ ಅರ್ಧ ಡಿಗ್ರಿ ಆಚೀಚೆ ಎಂದಷ್ಟೇ, ಆ ನಾಲ್ಕು ದಶಮಾಂಶ ಅಂಕಿಗಳು ಹೆಜ್ಜೆಯ ಗಾತ್ರದ ಫಲ.

ಅದೇ ಪಾತ್ರೆಯಲ್ಲಿ ಒಂದೊಂದು ಡಿಗ್ರಿಗೆ ಗೆರೆಯಿರುವ ಹಳೆಯ ಗಾಜಿನ ಥರ್ಮಾಮೀಟರನ್ನೂ ಇಟ್ಟಿದ್ದೆ. ಕಣ್ಣಳತೆಯಲ್ಲಿ ಅದು ಒಮ್ಮೆ ಅರ್ಧ ಡಿಗ್ರಿ ಮೇಲೆ, ಒಮ್ಮೆ ಅರ್ಧ ಡಿಗ್ರಿ ಕೆಳಗೆ ಎನಿಸುತ್ತಿತ್ತು, ಆದರೆ ಹತ್ತು ಸಲದ ಸರಾಸರಿ ಸೊನ್ನೆಯ ಹತ್ತಿರವೇ ನಿಂತಿತು. ಸೆನ್ಸರಿನ ಓದುವಿಕೆಗಳು ಒಂದಕ್ಕೊಂದು ಹತ್ತಿರವಿವೆ, ಅಂದರೆ ಅದಕ್ಕೆ ನಿಷ್ಕೃಷ್ಟತೆ ಇದೆ, ಆದರೆ ಅವು ನಿಜವಾದ ಬೆಲೆಯ ಹತ್ತಿರವಿಲ್ಲ, ಅಂದರೆ ನಿಖರತೆ ಇಲ್ಲ. ಗಾಜಿನ ಕಡ್ಡಿಯದು ಇದಕ್ಕೆ ತಿರುಗುಮುರುಗು.

ಈ ವ್ಯತ್ಯಾಸ ಎಲ್ಲ ತಾಪಮಾನಗಳಲ್ಲೂ ಒಂದೇ ಆಗಿದೆಯೇ ಎಂದು ತಿಳಿಯಲು ನೀರು ಕುದಿಸಿ, ನೀರಿನ ಮಟ್ಟದ ಸ್ವಲ್ಪ ಮೇಲೆ ಹಬೆಯಲ್ಲಿ ಸೆನ್ಸರನ್ನು ಹಿಡಿದೆ. 97.94 ಬಂತು. 100 ಬರಬೇಕಿತ್ತೆಂದು ಎಣಿಸಿ, ಮಂಜಿನಲ್ಲಿ ಹೆಚ್ಚು, ಕುದಿಯಲ್ಲಿ ಎರಡು ಡಿಗ್ರಿ ಕಡಿಮೆ ಎಂಬ ಲೆಕ್ಕದಲ್ಲಿ ತಿದ್ದುಪಡಿಯ ಓರೆಗೆರೆಯನ್ನೂ ಎಳೆದುಬಿಟ್ಟೆ. ಅದನ್ನು ನೋಡಿದ ಭೌತಶಾಸ್ತ್ರದ ಮೇಷ್ಟರೊಬ್ಬರು, "ಮೈಸೂರಲ್ಲಿ ನೀರು ನೂರಕ್ಕೆ ಕುದಿಯುತ್ತೆ ಅಂತ ನಿಮಗೆ ಯಾರು ಹೇಳಿದ್ರು ಸ್ವಾಮಿ?" ಎಂದು ನಕ್ಕರು. ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ವಾಯುಭಾರ 925 ಹೆಕ್ಟೊಪ್ಯಾಸ್ಕಲ್‌ಗಳ ಆಸುಪಾಸು, ಆ ಒತ್ತಡದಲ್ಲಿ ನೀರು ಕುದಿಯುವುದು 97.5 ಡಿಗ್ರಿಯಲ್ಲಿ. ಅಂದರೆ ಸೆನ್ಸರ್ ಇಲ್ಲಿಯೂ 0.44 ಡಿಗ್ರಿಯಷ್ಟೇ ಹೆಚ್ಚು ತೋರಿಸಿದೆ. 85 ಡಿಗ್ರಿಯ ಮೇಲೆ ಅರ್ಧ ಡಿಗ್ರಿಯ ಭರವಸೆ ಇಲ್ಲವಾದ್ದರಿಂದ ಈ ಎರಡನೆಯ ಬಿಂದುವಿಗೆ ಹೆಚ್ಚು ತೂಕ ಕೊಡುವುದಿಲ್ಲ, ಆದರೂ ಓರೆಗೆರೆ ಬೇಡವೆಂಬುದಕ್ಕೆ ಇದು ಸಾಕು. ನನ್ನ ಮೊದಲ ಗೆರೆಯನ್ನು ಉಳಿಸಿಕೊಂಡಿದ್ದರೆ 30 ಡಿಗ್ರಿಯಲ್ಲಿ ಮುಕ್ಕಾಲು ಡಿಗ್ರಿಯಷ್ಟು ಹೊಸ ದೋಷವನ್ನು ನಾನೇ ಸೇರಿಸಿದಂತಾಗುತ್ತಿತ್ತು. ಈಗ ಪ್ರೋಗ್ರಾಮಿನಲ್ಲಿ ಒಂದೇ ಸಾಲು:

```
T = raw - 0.45
```

ಉಳಿದದ್ದು ಗೋಡೆಯ ತೊಂದರೆ. ಸೆನ್ಸರನ್ನು ಪಡುವಣ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದೆ. ಎರಡನೆಯ ಸೆನ್ಸರೊಂದನ್ನು ಅದೇ ಮಂಜಿನ ಪರೀಕ್ಷೆಗೆ ಒಳಪಡಿಸಿ, ಗಾಳಿಯಾಡುವ ಬಿಳಿ ಗೂಡಿನಲ್ಲಿ ನೆರಳಲ್ಲಿಟ್ಟು ಹೋಲಿಸಿದಾಗ, ಬೆಳಗಿನ ಜಾವ ಎರಡೂ ಹೊಂದಿಕೊಂಡರೂ ಸಂಜೆ ನಾಲ್ಕರ ವೇಳೆಗೆ ಗೋಡೆಯದು ಎರಡು ಡಿಗ್ರಿ ಮೇಲಿತ್ತು. ಮೋಡ ಕವಿದ ದಿನ ಅಂತರ ಅರ್ಧ ಡಿಗ್ರಿಗೂ ಕಡಿಮೆ. ಬಿಸಿಲಿನೊಂದಿಗೆ ಬದಲಾಗುವ ಈ ದೋಷವನ್ನು ಒಂದು ಸ್ಥಿರ ಸಂಖ್ಯೆಯಿಂದ ಕಳೆಯಲಾಗದು. ಹೀಗಾಗಿ ಕಳೆದ ತಿಂಗಳ ಬೆಳಗಿನ ಅಂಕಿಗಳನ್ನು 0.45 ಕಳೆದು ಉಳಿಸಿಕೊಂಡಿದ್ದೇನೆ, ಮಧ್ಯಾಹ್ನದವನ್ನು ಪೂರ್ತಿ ಕೈಬಿಟ್ಟಿದ್ದೇನೆ. ಗೂಡಿನ ಹೊಸ ದಾಖಲೆ ಸೋಮವಾರದಿಂದ ಶುರುವಾಗಿದೆ.